ಅರೆಶೀರ್ಷಿಕೆಯಿಂದ ಕೊಲೊಫನ್ ತನಕ: ಪುಸ್ತಕದ ಮುಂದಿನ ಪುಟ, ಹಿಂದಿನ ಪುಟ ಜೋಡಿಸುವ ಕ್ರಮ

ಅಧ್ಯಾಯಗಳನ್ನೆಲ್ಲ ತಿದ್ದಿ ಮುಗಿಸಿದ್ದೀರಿ. ಪುಟವಿನ್ಯಾಸವೂ ಆಗಿದೆ. ಇನ್ನು ಇದರ ಮುಂದೆ ನಾಲ್ಕು ಪುಟ, ಹಿಂದೆ ನಾಲ್ಕು ಪುಟ ಸೇರಿಸಿ ಪ್ರೆಸ್ಸಿಗೆ ಕಳಿಸಿದರಾಯ್ತು ಅಂದುಕೊಳ್ಳುವ ಹೊತ್ತಿಗೇ ಗೊಂದಲ ಶುರುವಾಗುತ್ತದೆ. ಪರಿವಿಡಿ ಮೊದಲೋ ಮುನ್ನುಡಿ ಮೊದಲೋ? ಅರ್ಪಣೆ ಎಡಕ್ಕೋ ಬಲಕ್ಕೋ? ಪದಸೂಚಿ, ಅಂದರೆ ಯಾವ ಪದ ಯಾವ ಪುಟದಲ್ಲಿದೆ ಅನ್ನುವ ಪಟ್ಟಿ, ಯಾವಾಗ ಮಾಡಬೇಕು? ಮುನ್ನುಡಿ ಇನ್ನೂ ಬಂದಿಲ್ಲ, ಅಲ್ಲಿಯವರೆಗೆ ಕೆಲಸ ನಿಲ್ಲಿಸಬೇಕಾ?

ಇಲ್ಲಿ ಒಂದು ವಿಷಯ ಮೊದಲೇ ಗೊತ್ತಿದ್ದರೆ ಮಿಕ್ಕಿದ್ದು ಸಲೀಸು. ಪುಸ್ತಕದಲ್ಲಿ ಪುಟಗಳು ಇರುವ ಕ್ರಮ ಬೇರೆ, ನೀವು ಅವನ್ನು ಸಿದ್ಧಮಾಡುವ ಕ್ರಮ ಬೇರೆ. ಓದುಗನ ಕೈಗೆ ಮೊದಲು ಸಿಗುವ ಪುಟಗಳೇ ಸಾಮಾನ್ಯವಾಗಿ ಎಲ್ಲಕ್ಕಿಂತ ಕೊನೆಗೆ ಸಿದ್ಧವಾಗುತ್ತವೆ. ಆದ್ದರಿಂದ ಅವು ಉದ್ದವಾದರೂ ಗಿಡ್ಡವಾದರೂ ಪುಸ್ತಕದ ಒಡಲಿನ, ಅಂದರೆ ಅಧ್ಯಾಯಗಳಿರುವ ಭಾಗದ, ಪುಟಸಂಖ್ಯೆ ಅಲ್ಲಾಡಬಾರದು. ಹಿಂದಿನ ಪುಟಗಳ ಕಥೆ ಇದಕ್ಕೆ ಉಲ್ಟಾ. ಅವು ಒಡಲಿನ ಪುಟಸಂಖ್ಯೆಯನ್ನೇ ನೆಚ್ಚಿಕೊಂಡಿರುತ್ತವೆ, ಒಡಲು ಒಂದು ಪುಟ ಸರಿದರೂ ಕೆಟ್ಟುಹೋಗುತ್ತವೆ.

ಸುಮ್ನೆ ನಿಯಮ ಹೇಳುತ್ತಾ ಹೋಗುವುದಕ್ಕಿಂತ ಒಂದು ಪುಸ್ತಕವನ್ನೇ ಎದುರಿಗಿಟ್ಟುಕೊಳ್ಳೋಣ. ಒಂದು ತಾಲ್ಲೂಕಿನ ಕೆರೆಗಳ ಚರಿತ್ರೆಯ ಪುಸ್ತಕ ಅಂದುಕೊಳ್ಳಿ, ಹೆಸರು 'ಕೆರೆ, ಕೋಡಿ, ತೂಬು'. ಆಕಾರ 1/8 ಡೆಮಿ, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಒಡಲು 172 ಪುಟ. ಕವನ ಸಂಕಲನವನ್ನೋ ಕಥಾ ಸಂಕಲನವನ್ನೋ ಬಿಟ್ಟು ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ, ಇದಕ್ಕೆ ಹಿಂದಿನ ಪುಟಗಳೂ ಪೂರ್ತಿಯಾಗಿ ಬೇಕು. ಕಥಾ ಸಂಕಲನವಾದರೆ ಮುಂದಿನ ಪುಟಗಳ ಭಾಗವನ್ನಷ್ಟೇ ಹಿಡಿದುಕೊಳ್ಳಿ.

ಮೊದಲು ಫಾರಂ ಲೆಕ್ಕ

ಆಫ್‌ಸೆಟ್‌ನಲ್ಲಿ 1/8 ಡೆಮಿ ಪುಸ್ತಕ ಅಚ್ಚಾಗುವಾಗ ಒಂದು ಹಾಳೆಯ ಒಂದು ಬದಿಗೆ ಎಂಟು ಪುಟ, ಇನ್ನೊಂದು ಬದಿಗೆ ಎಂಟು ಪುಟ ಬೀಳುತ್ತವೆ. ಹಾಳೆ ಮಡಚಿದರೆ 16 ಪುಟ. ಇದೇ ಒಂದು ಫಾರಂ. ಹಾಗಾಗಿ ಒಟ್ಟು ಪುಟ 16ರ ಮಗ್ಗಿಯಲ್ಲಿ ಬಂದರೆ ಕಾಗದ ಹಾಳಾಗುವುದಿಲ್ಲ. ಇಲ್ಲದಿದ್ದರೆ ಅರ್ಧ ಫಾರಂ, ಕಾಲು ಫಾರಂ ಅಂತ ಪ್ರೆಸ್ಸಿನವರು ಹೊಂದಿಸಬೇಕು, ಖರ್ಚು ಬೀಳುತ್ತದೆ, ಕೊನೆಯಲ್ಲಿ ಖಾಲಿ ಹಾಳೆಗಳು ಉಳಿಯುತ್ತವೆ. ಡಿಜಿಟಲ್ ಮುದ್ರಣದಲ್ಲಿ ನೂರಿನ್ನೂರು ಪ್ರತಿ ಮಾಡಿಸುವವರಿಗೆ ಇಷ್ಟು ಕಟ್ಟುನಿಟ್ಟು ಇರುವುದಿಲ್ಲ. ಆದರೂ ಕೆಲಸ ಶುರುಮಾಡುವ ಮುಂಚೆ ಪ್ರೆಸ್ಸಿನವರನ್ನೇ ಕೇಳಿ, ಪುಟಗಳು ಎಷ್ಟರ ಮಗ್ಗಿಯಲ್ಲಿ ಬೇಕು ಅಂತ.

ನಮ್ಮ ಪುಸ್ತಕಕ್ಕೆ ನಾನು ಹಾಕುವ ಲೆಕ್ಕ ಹೀಗೆ: ಮುಂದಿನ ಪುಟಗಳು 16, ಅದೇ ಒಂದು ಫಾರಂ. ಒಡಲು ಮತ್ತು ಹಿಂದಿನ ಪುಟಗಳು ಸೇರಿ 208, ಅಂದರೆ 13 ಫಾರಂ. ಒಟ್ಟು 224 ಪುಟ, 14 ಫಾರಂ. ಮುಂದಿನ 16 ಪುಟಕ್ಕೆ ರೋಮನ್ ಅಂಕಿ, ಒಡಲಿನ ಮೊದಲ ಪುಟದಿಂದ ಸಾಮಾನ್ಯ ಅಂಕಿ. ಹಳೆಯ ಕನ್ನಡ ಪುಸ್ತಕಗಳಲ್ಲಿ 'ಪುಟಗಳು: xvi + 208' ಅಂತ ಬರೆದಿರುವುದನ್ನು ನೋಡಿರುತ್ತೀರಿ, ಅಲ್ವಾ? ಅದು ಇದೇ ಲೆಕ್ಕ. ಈಗ ಬಹಳ ಪ್ರಕಾಶಕರು ಮೊದಲ ಹಾಳೆಯಿಂದಲೇ 1, 2, 3 ಅಂತ ಎಣಿಸಿಬಿಡುತ್ತಾರೆ. ಕಥೆ, ಕಾದಂಬರಿಗೆ ಅದು ನಡೆಯುತ್ತದೆ. ಪದಸೂಚಿ ಇರುವ ಪುಸ್ತಕಕ್ಕೆ ಖಂಡಿತ ಬೇಡ, ಕಾರಣ ಮುಂದೆ ಗೊತ್ತಾಗುತ್ತದೆ.

ಮುಂದಿನ ಪುಟಗಳು, ಒಂದೊಂದಾಗಿ

ಪುಸ್ತಕ ತೆರೆದಾಗ ಬೆಸಸಂಖ್ಯೆಯ ಪುಟ ಬಲಕ್ಕೆ, ಸರಿಸಂಖ್ಯೆಯದು ಎಡಕ್ಕೆ. ಮುಖ್ಯವಾದದ್ದೆಲ್ಲ ಬಲಕ್ಕೆ ಶುರುವಾಗಬೇಕು. ಇದಕ್ಕಾಗಿ ಎಡಪುಟ ಖಾಲಿ ಬಿಡಬೇಕಾಗಿ ಬಂದರೆ ಬಿಡಿ.

ರೋಮನ್ 1 ಅರೆಶೀರ್ಷಿಕೆ. ಇಲ್ಲಿ ಪುಸ್ತಕದ ಹೆಸರು ಮಾತ್ರ ಇರುತ್ತದೆ. ಉಪಶೀರ್ಷಿಕೆ ಬೇಡ, ಲೇಖಕರ ಹೆಸರೂ ಬೇಡ. ಅದರ ಹಿಂಬದಿ, ರೋಮನ್ 2, ಖಾಲಿ ಇರಬಹುದು ಅಥವಾ ಲೇಖಕರ ಇತರ ಪುಸ್ತಕಗಳ ಪಟ್ಟಿ ಬರಬಹುದು. ಈ ಹಾಳೆ ಇರಲೇಬೇಕು ಅಂತೇನೂ ಇಲ್ಲ, ಜಾಗ ಸಾಲದಾಗ ಮೊದಲು ಹೋಗುವುದು ಇದೇ.

ರೋಮನ್ 3 ಶೀರ್ಷಿಕೆ ಪುಟ. ಹೆಸರು, ಉಪಶೀರ್ಷಿಕೆ, ಲೇಖಕರ ಹೆಸರು, ಅನುವಾದಕರೋ ಸಂಪಾದಕರೋ ಇದ್ದರೆ ಅವರ ಹೆಸರು, ಕೆಳಗೆ ಪ್ರಕಾಶನದ ಹೆಸರು ಮತ್ತು ಊರು. ಗ್ರಂಥಾಲಯದಲ್ಲಿ ಪುಸ್ತಕವನ್ನು ದಾಖಲು ಮಾಡುವವರು ನೋಡುವುದು ರಕ್ಷಾಪುಟವನ್ನಲ್ಲ, ಈ ಪುಟವನ್ನು. ರಕ್ಷಾಪುಟದಲ್ಲಿ ಕಲಾವಿದರು ಅಂದಕ್ಕಾಗಿ ಅಲ್ಪವಿರಾಮ ತೆಗೆದು 'ಕೆರೆ ಕೋಡಿ ತೂಬು' ಅಂತ ಬರೆದಿರಬಹುದು, ಬೆನ್ನಿನ ಪಟ್ಟಿಯಲ್ಲಿ ಲೇಖಕರ ಇನಿಷಿಯಲ್ ಬಿಟ್ಟಿರಬಹುದು. ಶೀರ್ಷಿಕೆ ಪುಟದಲ್ಲಿ ಇರುವುದೇ ಅಧಿಕೃತ ರೂಪ. ಈ ಒಂದು ರೂಪವನ್ನು ಹಾಳೆಯಲ್ಲಿ ಬರೆದಿಟ್ಟುಕೊಂಡು ರಕ್ಷಾಪುಟ, ಬೆನ್ನು, ವಿವರ ಪುಟ ಎಲ್ಲದರ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಇನಿಷಿಯಲ್ ನಡುವಿನ ಚುಕ್ಕಿ, ಖಾಲಿ ಜಾಗವನ್ನೂ ಬಿಡಬೇಡಿ.

ರೋಮನ್ 4, ಅಂದರೆ ಶೀರ್ಷಿಕೆ ಪುಟದ ಹಿಂಬದಿ, ವಿವರ ಪುಟ. ಇದರ ಬಗ್ಗೆ ಜಾಸ್ತಿ ಹೇಳಬೇಕಿದೆ, ಕೆಳಗೆ ಬೇರೆಯಾಗಿ ಹೇಳುತ್ತೇನೆ.

ರೋಮನ್ 5 ಅರ್ಪಣೆ, 6 ಖಾಲಿ. ಪುಸ್ತಕಕ್ಕೆ ಒಂದು ವಚನವನ್ನೋ ಶಾಸನದ ಸಾಲನ್ನೋ ಮೊದಲಿಗೆ ಹಾಕಬೇಕೆಂದಿದ್ದರೆ ಈ ಖಾಲಿ ಪುಟದಲ್ಲೇ ಹಾಕಬಹುದು, ಕೆಳಗೆ ಎಲ್ಲಿಂದ ತೆಗೆದದ್ದು ಅಂತ ತಪ್ಪದೆ ಬರೆಯಿರಿ.

ರೋಮನ್ 7 ಮತ್ತು 8 ಪರಿವಿಡಿ. ಕನ್ನಡದಲ್ಲಿ ಬಹಳ ಪುಸ್ತಕಗಳಲ್ಲಿ ಪರಿವಿಡಿ ಮುನ್ನುಡಿ, ಲೇಖಕರ ಮಾತು ಎಲ್ಲ ಮುಗಿದ ಮೇಲೆ, ಒಡಲಿಗೆ ಅಂಟಿಕೊಂಡಂತೆ ಬರುತ್ತದೆ. ನನಗೆ ಅದು ಸರಿ ಅನಿಸುವುದಿಲ್ಲ. ಅಂಗಡಿಯಲ್ಲಿ ನಿಂತು ಪುಸ್ತಕ ತಿರುವುವವನು ಹುಡುಕುವುದು ಪರಿವಿಡಿಯನ್ನು, ಅದು ಇಪ್ಪತ್ತನೇ ಪುಟದಲ್ಲಿ ಅಡಗಿದ್ದರೆ ಅವನಿಗೆ ಸಿಗುವುದಿಲ್ಲ. ಜೊತೆಗೆ ಮುನ್ನುಡಿ ಯಾವ ಪುಟದಲ್ಲಿದೆ ಅಂತ ಹೇಳಬೇಕಾದ ಪಟ್ಟಿ ಮುನ್ನುಡಿಯ ಆಮೇಲೆ ಬಂದರೆ ಏನು ಉಪಯೋಗ? ಆದ್ದರಿಂದ ಪರಿವಿಡಿ ಮೊದಲು. ಅದರಲ್ಲಿ ಅದಕ್ಕಿಂತ ಮುಂಚೆ ಬಂದ ಶೀರ್ಷಿಕೆ, ಅರ್ಪಣೆಗಳು ಇರುವುದಿಲ್ಲ. ಅದರ ನಂತರದ್ದೆಲ್ಲ, ಪದಸೂಚಿಯ ತನಕ, ಇರಬೇಕು. ಚಿತ್ರಗಳು ಹತ್ತಿಪ್ಪತ್ತು ಇದ್ದು, ಓದುಗರು ಅವನ್ನೇ ಹುಡುಕುವಂಥ ಪುಸ್ತಕವಾದರೆ ಮಾತ್ರ ಚಿತ್ರಸೂಚಿ ಬೇರೆ ಕೊಡಿ.

ರೋಮನ್ 9ರಿಂದ 11 ಮುನ್ನುಡಿ, 12 ಖಾಲಿ. 13 ಮತ್ತು 14 ಲೇಖಕರ ಮಾತು. ಇವೆರಡರ ಕೆಲಸ ಬೇರೆ ಬೇರೆ. ಮುನ್ನುಡಿ ಬರೆಯುವವರು ಇನ್ನೊಬ್ಬರು, ಆ ಕ್ಷೇತ್ರ ಬಲ್ಲವರು, ಪುಸ್ತಕ ಎಲ್ಲಿ ನಿಲ್ಲುತ್ತದೆ ಅಂತ ಅವರು ಹೇಳುತ್ತಾರೆ. ಕೊನೆಯಲ್ಲಿ ಅವರ ಹೆಸರು, ಊರು, ತಾರೀಖು. ಲೇಖಕರ ಮಾತಿನಲ್ಲಿ ಪುಸ್ತಕ ಹೇಗೆ ಹುಟ್ಟಿತು, ಯಾವ ಕೆರೆಗಳನ್ನು ಕಣ್ಣಾರೆ ನೋಡಿದಿರಿ, ಯಾವುದನ್ನು ದಾಖಲೆಯಿಂದ ಮಾತ್ರ ತಿಳಿದಿರಿ ಅನ್ನುವುದೆಲ್ಲ ಬರುತ್ತದೆ. ನೆನಕೆಗಳು ಒಂದು ಪುಟಕ್ಕಿಂತ ಕಡಿಮೆ ಇದ್ದರೆ ಇದರ ಕೊನೆಗೇ ಸೇರಿಸಿ. ಪ್ರಕಾಶಕರ ಮಾತು ಇದ್ದರೆ ಮುನ್ನುಡಿಗಿಂತ ಮುಂಚೆ ಬರಲಿ.

ಇಲ್ಲಿ ಜನ ಎಡವುವ ಒಂದು ಜಾಗ ಇದೆ. 'ಪ್ರಸ್ತಾವನೆ' ಅಂತ ಹೆಸರಿಟ್ಟು ಇಪ್ಪತ್ತು ಪುಟ ಬರೆದು ಅದನ್ನೂ ರೋಮನ್ ಅಂಕಿಗಳ ನಡುವೆ ತುರುಕುತ್ತಾರೆ. ನಿಮ್ಮನ್ನೇ ಕೇಳಿಕೊಳ್ಳಿ: ಇದನ್ನು ಓದದೆ ಮೊದಲ ಅಧ್ಯಾಯಕ್ಕೆ ಹೋದರೆ ಓದುಗನಿಗೆ ವಿಷಯ ಅರ್ಥವಾಗುತ್ತದಾ? ಕೆರೆಯ ನೀರು ಹಂಚಿಕೆ ಹೇಗೆ ನಡೆಯುತ್ತಿತ್ತು, ಅಚ್ಚುಕಟ್ಟು ಅಂದರೆ ಏನು ಅಂತ ಪ್ರಸ್ತಾವನೆಯಲ್ಲೇ ಹೇಳಿದ್ದರೆ ಅದು ಪುಸ್ತಕದ ಒಡಲು. ಅದು ಪುಟ 1ರಿಂದ ಶುರುವಾಗಬೇಕು, ಪದಸೂಚಿಯಲ್ಲೂ ಸೇರಬೇಕು.

ರೋಮನ್ 15 ಸಂಕ್ಷೇಪಾಕ್ಷರಗಳು. ಶಾಸನಗಳನ್ನು ಪದೇ ಪದೇ ಉಲ್ಲೇಖಿಸುವ ಪುಸ್ತಕದಲ್ಲಿ 'ಎ.ಕ.' ಅಂದರೆ 'ಎಪಿಗ್ರಾಫಿಯಾ ಕರ್ನಾಟಿಕ' ಅಂತ ಓದುಗನಿಗೆ ಮೊದಲೇ ತಿಳಿದಿರಬೇಕು. ರೋಮನ್ 16 ತಾಲ್ಲೂಕಿನ ನಕ್ಷೆ. ಅದು ಎಡಪುಟ, ಎದುರಿಗೇ ಬಲದಲ್ಲಿ ಪುಟ 1. ಓದಲು ಕುಳಿತವನ ಕಣ್ಣಿಗೆ ಎರಡೂ ಒಟ್ಟಿಗೆ ಬೀಳುತ್ತವೆ.

ಅರೆಶೀರ್ಷಿಕೆ, ಶೀರ್ಷಿಕೆ, ವಿವರ ಪುಟ, ಅರ್ಪಣೆ, ಖಾಲಿ ಪುಟಗಳಲ್ಲಿ ಸಂಖ್ಯೆ ಅಚ್ಚು ಮಾಡುವುದಿಲ್ಲ. ಆದರೆ ಎಣಿಕೆಯಲ್ಲಿ ಅವು ಇರುತ್ತವೆ. ಖಾಲಿ ಪುಟದ ತಲೆಯಲ್ಲಿ ಪುಸ್ತಕದ ಹೆಸರು ಒಂದೇ ಉಳಿದುಬಿಟ್ಟಿದ್ದರೆ ನೋಡಲು ಬಹಳ ಕೆಟ್ಟದಾಗಿರುತ್ತದೆ, ಅದನ್ನೂ ತೆಗೆಸಿ.

ವಿವರ ಪುಟ

ಓದುಗರು ಹಾರಿಸಿಬಿಡುವ, ಆದರೆ ಗ್ರಂಥಪಾಲಕರು, ಅಂಗಡಿಯವರು, ವಕೀಲರು ಮೊದಲು ತೆರೆಯುವ ಪುಟ ಇದು. ನಮ್ಮ ಪುಸ್ತಕಕ್ಕೆ ಸರಿಸುಮಾರು ಹೀಗಿರುತ್ತದೆ, ಗೆರೆ ಎಳೆದ ಕಡೆ ನಿಮ್ಮ ವಿವರ ತುಂಬಿಕೊಳ್ಳಿ:

ಕೆರೆ, ಕೋಡಿ, ತೂಬು: ಒಂದು ತಾಲ್ಲೂಕಿನ ನೀರಿನ ಚರಿತ್ರೆ
ಲೇಖಕರು: ______
ಪ್ರಕಾಶಕರು: ______, ವಿಳಾಸ, ಊರು, ಪಿನ್‌ಕೋಡ್
© ಪಠ್ಯ: ಲೇಖಕರು, ವರ್ಷ
© ಫೋಟೊಗಳು: ______
ಮೊದಲ ಮುದ್ರಣ: ವರ್ಷ
ಪ್ರತಿಗಳು: 500
ಪುಟಗಳು: xvi + 208
ಆಕಾರ: 1/8 ಡೆಮಿ
ಕಾಗದ: 70 ಜಿಎಸ್ಎಂ ಮ್ಯಾಪ್‌ಲಿಥೊ
ಬೆಲೆ: ______
ಐಎಸ್‌ಬಿಎನ್: ______
ಮುಖಪುಟ ವಿನ್ಯಾಸ: ______
ಮುದ್ರಣ: ______, ಊರು

ಇದರ ಜೊತೆಗೆ ಪುಸ್ತಕದ ಹೆಸರು, ಲೇಖಕರ ಹೆಸರು, ಪ್ರಕಾಶನ, ವರ್ಷ ಇಷ್ಟನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೆರಡು ಸಾಲು ಹಾಕುವ ರೂಢಿ ಕನ್ನಡ ಪುಸ್ತಕಗಳಲ್ಲಿದೆ. ಅದನ್ನು ಬಿಡಬೇಡಿ. ಕನ್ನಡ ಓದಲು ಬಾರದ ಗ್ರಂಥಪಾಲಕರೂ ನಿಮ್ಮ ಪುಸ್ತಕವನ್ನು ದಾಖಲು ಮಾಡುತ್ತಾರೆ. ಈ ಸಾಲು ಇಲ್ಲದಿದ್ದರೆ ಹೆಸರನ್ನು ಅವರವರಿಗೆ ತೋಚಿದ ಕಾಗುಣಿತದಲ್ಲಿ ಬರೆದುಕೊಳ್ಳುತ್ತಾರೆ, ಆಮೇಲೆ ಹುಡುಕಿದರೆ ಸಿಗುವುದಿಲ್ಲ.

ಮುದ್ರಣ ಬೇರೆ, ಆವೃತ್ತಿ ಬೇರೆ. ಅದೇ ಪಠ್ಯ ಮತ್ತೆ ಅಚ್ಚಾದರೆ 'ಎರಡನೇ ಮುದ್ರಣ', ಅದಕ್ಕೆ ಹಳೆಯ ಐಎಸ್‌ಬಿಎನ್ ಸಾಕು. ಎರಡು ಅಧ್ಯಾಯ ಹೊಸದಾಗಿ ಸೇರಿಸಿದ್ದೀರಿ, ಅಂಕಿಅಂಶ ತಿದ್ದಿದ್ದೀರಿ ಅಂದರೆ ಅದು 'ಪರಿಷ್ಕೃತ ಆವೃತ್ತಿ', ಅದಕ್ಕೆ ಹೊಸ ಸಂಖ್ಯೆ ಬೇಕು. ಗಟ್ಟಿ ರಟ್ಟಿನ ಪ್ರತಿ, ಸಾದಾ ಪ್ರತಿ, ಇ-ಪುಸ್ತಕ ಇವಕ್ಕೂ ಒಂದೊಂದು ಬೇರೆ ಸಂಖ್ಯೆ. ಮರುಮುದ್ರಣ ಮಾಡುವಾಗ ಮೊದಲ ಮುದ್ರಣದ ವರ್ಷವನ್ನು ಅಳಿಸಿ ಹೊಸ ವರ್ಷ ಮಾತ್ರ ಹಾಕುವುದು ಕೆಟ್ಟ ಅಭ್ಯಾಸ. ಹತ್ತು ವರ್ಷದ ಆಮೇಲೆ ಸಂಶೋಧನೆ ಮಾಡುವವರಿಗೆ ಪುಸ್ತಕ ಯಾವಾಗ ಬಂತು ಅನ್ನುವುದೇ ತಿಳಿಯದೆ ಹೋಗುತ್ತದೆ. ಎಲ್ಲ ವರ್ಷಗಳನ್ನೂ ಒಂದರ ಕೆಳಗೊಂದು ಇಡಿ.

ಭಾರತದಲ್ಲಿ ಐಎಸ್‌ಬಿಎನ್ ಕೊಡುವುದು ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ, ಅರ್ಜಿಗೆ ಶುಲ್ಕ ಇಲ್ಲ. ಲೇಖಕರೇ ಪ್ರಕಾಶಕರಾಗಿದ್ದರೂ ಅರ್ಜಿ ಹಾಕಬಹುದು. ಸಂಖ್ಯೆ ಬರಲು ಸಮಯ ಹಿಡಿಯಬಹುದು, ಆದ್ದರಿಂದ ಶೀರ್ಷಿಕೆ ಗಟ್ಟಿಯಾದ ಕೂಡಲೇ ಹಾಕಿ. ನಮ್ಮ ದೇಶದ ಸಂಖ್ಯೆಗಳು 978-81 ಅಥವಾ 978-93ರಿಂದ ಶುರುವಾಗುತ್ತವೆ. ಟೈಪ್ ಮಾಡುವಾಗ ಒಂದು ಅಂಕಿ ತಪ್ಪಿದೆಯಾ ಅಂತ ನೋಡಲು ಸುಲಭದ ಲೆಕ್ಕ ಇದೆ. 13 ಅಂಕಿಗಳನ್ನು ಎಡದಿಂದ ಕ್ರಮವಾಗಿ 1, 3, 1, 3 ಅಂತ ಗುಣಿಸಿ ಎಲ್ಲವನ್ನೂ ಕೂಡಿಸಿ. ಮೊತ್ತ ಸೊನ್ನೆಯಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಎಲ್ಲೋ ತಪ್ಪಿದೆ. ಆಮೇಲೆ ವಿವರ ಪುಟದ ಸಂಖ್ಯೆ, ಹಿಂಬದಿಯ ಬಾರ್‌ಕೋಡ್ ಕೆಳಗಿನ ಸಂಖ್ಯೆ ಎರಡೂ ಒಂದೇ ಇವೆಯಾ ಅಂತ ನೋಡಿ. ಹಳೆಯ ಪುಸ್ತಕದ ರಕ್ಷಾಪುಟವನ್ನು ನಕಲು ಮಾಡಿ ಹೊಸದನ್ನು ಮಾಡಿದಾಗ ಹಳೆಯ ಬಾರ್‌ಕೋಡೇ ಉಳಿದುಬಿಡುವುದುಂಟು.

ಹಕ್ಕಿನ ಸಾಲನ್ನು ಕಣ್ಣುಮುಚ್ಚಿ ಹಾಕಬೇಡಿ. ಪಠ್ಯದ ಹಕ್ಕು ಬರೆದವರದ್ದು, ಅವರು ಬರಹದಲ್ಲಿ ಬೇರೆಯವರಿಗೆ ಕೊಟ್ಟಿದ್ದರೆ ಮಾತ್ರ ಬೇರೆ ಮಾತು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಒಪ್ಪಂದದಲ್ಲಿ ಅವಧಿ ಬರೆದಿಲ್ಲ ಅಂದರೆ ಐದು ವರ್ಷಕ್ಕೆ ಕೊಟ್ಟಂತೆ ಲೆಕ್ಕ. ಬೇರೆಯವರು ತೆಗೆದ ಫೋಟೊ, ಇನ್ನೊಬ್ಬ ಕವಿಯ ಪೂರ್ತಿ ಪದ್ಯ ಬಳಸಿದ್ದರೆ ಅನುಮತಿ ಪಡೆದು ಇಲ್ಲಿಯೇ ನಮೂದಿಸಿ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಅವರ ವಾರಸುದಾರರ ಬಳಿ ಇರುತ್ತದೆ.

ಮುದ್ರಕರ ಹೆಸರು ಮತ್ತು ಊರು ಹಾಕುವುದು 1867ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಕಾಲದಿಂದ ಬಂದದ್ದು. ಆ ಕಾಯಿದೆಯ ಜಾಗಕ್ಕೆ ಬಂದ 2023ರ ಕಾಯಿದೆ, 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವುದು, ನಿಯತಕಾಲಿಕಗಳಿಗೆ ಸಂಬಂಧಿಸಿದ್ದು. ಆದರೂ ಮುದ್ರಕರ ಹೆಸರು ಹಾಕುವುದನ್ನು ನಿಲ್ಲಿಸಬೇಡಿ. ಅದು ಅವರ ಕೆಲಸಕ್ಕೆ ಸಲ್ಲುವ ಹೆಸರು.

ಮುನ್ನುಡಿ ಉದ್ದವಾದಾಗ

ಮೂರು ಪುಟ ಅಂತ ಜಾಗ ಬಿಟ್ಟಿದ್ದಿರಿ, ಹಿರಿಯರು ಪ್ರೀತಿಯಿಂದ ಆರು ಪುಟ ಬರೆದು ಕಳಿಸಿದ್ದಾರೆ, ಅದೂ ಬಿಡುಗಡೆಗೆ ಎರಡು ವಾರ ಇರುವಾಗ. ಕತ್ತರಿಸಿ ಅಂತ ಹೇಳುವ ಹಾಗಿಲ್ಲ. ಈಗ ಮುನ್ನುಡಿ ರೋಮನ್ 9ರಿಂದ 14ರ ತನಕ ಹೋಗುತ್ತದೆ, ಲೇಖಕರ ಮಾತು 15 ಮತ್ತು 16. ಸಂಕ್ಷೇಪಾಕ್ಷರಗಳು, ನಕ್ಷೆ 17 ಮತ್ತು 18ಕ್ಕೆ ಜಾರುತ್ತವೆ. ಒಟ್ಟು 226 ಪುಟ. ಎರಡೇ ಎರಡು ಪುಟಕ್ಕಾಗಿ ಹೊಸ ಹಾಳೆ ಹಾಕಬೇಕು.

ಅರೆಶೀರ್ಷಿಕೆಯ ಹಾಳೆ ತೆಗೆಯಿರಿ. ಶೀರ್ಷಿಕೆ ಪುಟ ರೋಮನ್ 1 ಆಗುತ್ತದೆ, ವಿವರ ಪುಟ 2, ಅರ್ಪಣೆ 3, ಖಾಲಿ 4, ಪರಿವಿಡಿ 5 ಮತ್ತು 6, ಮುನ್ನುಡಿ 7ರಿಂದ 12, ಲೇಖಕರ ಮಾತು 13 ಮತ್ತು 14, ಸಂಕ್ಷೇಪ 15, ನಕ್ಷೆ 16. ಮತ್ತೆ 16 ಪುಟ. ಎಲ್ಲವೂ ಬಲಪುಟದಲ್ಲೇ ಶುರುವಾಗಿವೆ, ನಕ್ಷೆ ಎಡದಲ್ಲೇ ಇದೆ. ಪರಿವಿಡಿಯಲ್ಲಿ ಮುನ್ನುಡಿಯ ಸಂಖ್ಯೆ ಒಂದನ್ನು ತಿದ್ದಿದರೆ ಮುಗಿಯಿತು. ಒಡಲಿನ ಪುಟ 1 ಪುಟ 1 ಆಗಿಯೇ ಉಳಿಯಿತು, ಪದಸೂಚಿಯ ಒಂದು ಅಂಕಿಯೂ ಬದಲಾಗಲಿಲ್ಲ. ಮೊದಲಿಂದ 1, 2, 3 ಅಂತ ಎಣಿಸಿದ್ದಿದ್ದರೆ? ಹಾಳೆ ತೆಗೆಯದೆ ಎರಡು ಪುಟ ಸರಿದಿದ್ದರೆ ಪದಸೂಚಿ ಪೂರ್ತಿ ಮತ್ತೆ ಮಾಡಬೇಕಿತ್ತು. ರೋಮನ್ ಅಂಕಿಯ ಉಪಯೋಗ ಇದೇ.

ಹಿಂದಿನ ಪುಟಗಳು

ಒಡಲು ಪುಟ 172ಕ್ಕೆ ಮುಗಿಯುತ್ತದೆ. ಆಮೇಲೆ ಹೀಗೆ: ಅನುಬಂಧ 173ರಿಂದ 182, ಟಿಪ್ಪಣಿಗಳು 183ರಿಂದ 190, ಪದಕೋಶ 191ರಿಂದ 194, ಗ್ರಂಥಸೂಚಿ 195ರಿಂದ 198, ಪದಸೂಚಿ 199ರಿಂದ 206, ಪುಸ್ತಕ ತಯಾರಾದ ವಿವರ ಹೇಳುವ ಕೊಲೊಫನ್ 207, ಕೊನೆಯ 208 ಖಾಲಿ. ಅನುಬಂಧ ಒಡಲಿಗೆ ಹತ್ತಿರ ಇರುತ್ತದೆ, ಏಕೆಂದರೆ ಅದೂ ವಿಷಯವೇ. ಟಿಪ್ಪಣಿ ಅನುಬಂಧದ ಆಮೇಲೆ, ಏಕೆಂದರೆ ಅನುಬಂಧಕ್ಕೂ ಟಿಪ್ಪಣಿ ಇರಬಹುದು. ಪದಸೂಚಿ ಕೊನೆಗೆ, ಏಕೆಂದರೆ ಕೈ ತಟ್ಟನೆ ಹೋಗುವುದು ಪುಸ್ತಕದ ತುದಿಗೆ.

ಅನುಬಂಧದಲ್ಲಿ ತಾಲ್ಲೂಕಿನ ಕೆರೆಗಳ ಪಟ್ಟಿ, ಊರು, ಅಚ್ಚುಕಟ್ಟಿನ ವಿಸ್ತಾರ ಬರಲಿ. ಪದಕೋಶದಲ್ಲಿ ಏರಿ, ಕೋಡಿ, ತೂಬು, ನೀರುಗಂಟಿ ಇಂಥವು. ಊರಲ್ಲಿ ಬೆಳೆದವರಿಗೆ ಇವಕ್ಕೆ ಅರ್ಥ ಬೇಕಿಲ್ಲ. ಆದರೆ ಬೆಂಗಳೂರಲ್ಲೇ ಹುಟ್ಟಿ ಬೆಳೆದ ಓದುಗನಿಗೆ ಏರಿ ಯಾವುದು, ಕೋಡಿ ಯಾವುದು ಅಂತ ಎರಡು ಸಾಲಲ್ಲಿ ಹೇಳಲೇಬೇಕು.

ಟಿಪ್ಪಣಿಗಳ ಪುಟದಲ್ಲಿ ತಲೆಬರಹ ಬರೀ 'ಟಿಪ್ಪಣಿಗಳು' ಅಂತಿದ್ದರೆ ಓದುಗ ತಾನು ಯಾವ ಅಧ್ಯಾಯದಲ್ಲಿದ್ದೇನೆ ಅಂತ ಹಿಂದೆ ಮುಂದೆ ಹುಡುಕಬೇಕು. 'ಪುಟ 45ರಿಂದ 61ರ ಟಿಪ್ಪಣಿಗಳು' ಅಂತ ಪ್ರತಿ ಪುಟದ ತಲೆಗೆ ಹಾಕಿ.

ಗ್ರಂಥಸೂಚಿಯಲ್ಲಿ ಲೇಖಕರು, ಹೆಸರು, ಪ್ರಕಾಶನ, ಊರು, ವರ್ಷ ಒಂದೇ ಕ್ರಮದಲ್ಲಿರಲಿ. ಶಾಸನಗಳ ವಿಷಯದಲ್ಲಿ ಜಾಗ್ರತೆ. ಎಪಿಗ್ರಾಫಿಯಾ ಕರ್ನಾಟಿಕಕ್ಕೆ ಬಿ.ಎಲ್. ರೈಸ್ ಕಾಲದ ಹಳೆಯ ಸಂಪುಟಗಳಿವೆ, ಮೈಸೂರು ವಿಶ್ವವಿದ್ಯಾನಿಲಯ ತಂದ ಪರಿಷ್ಕೃತ ಸಂಪುಟಗಳೂ ಇವೆ. ಸಂಪುಟ ಸಂಖ್ಯೆ, ಶಾಸನ ಸಂಖ್ಯೆ ಎರಡರಲ್ಲೂ ಒಂದೇ ಅಲ್ಲ. ಯಾವುದನ್ನು ಬಳಸಿದಿರಿ ಅಂತ ಗ್ರಂಥಸೂಚಿಯಲ್ಲೂ ಸಂಕ್ಷೇಪಾಕ್ಷರದ ಪುಟದಲ್ಲೂ ಬರೆಯದಿದ್ದರೆ ನಿಮ್ಮ ಉಲ್ಲೇಖ ಹಿಡಿದು ಹೋದವರು ಇನ್ಯಾವುದೋ ಕಲ್ಲಿನ ಮುಂದೆ ನಿಲ್ಲುತ್ತಾರೆ.

ಪದಸೂಚಿ

ಒಡಲಿನ ಕೊನೆಯ ಪ್ರೂಫ್ ತಿದ್ದಿ, ಇನ್ನು ಒಂದು ಸಾಲೂ ಸರಿಯುವುದಿಲ್ಲ ಅಂತ ಖಾತ್ರಿಯಾದ ಮೇಲೆಯೇ ಪುಟಸಂಖ್ಯೆ ತುಂಬಿ. ಯಾವ ಪದಗಳು ಬೇಕು ಅನ್ನುವ ಪಟ್ಟಿಯನ್ನು ಮಾತ್ರ ಮುಂಚೆಯೇ ಮಾಡಿಕೊಳ್ಳಬಹುದು. ಎರಡು ಕಾಲಂ, ಕಾಲಂಗೆ 36 ಸಾಲು ಅಂತ ಹಿಡಿದರೆ ಎಂಟು ಪುಟಕ್ಕೆ 576 ಸಾಲು ಸಿಗುತ್ತದೆ. ನಮ್ಮ ಪುಸ್ತಕಕ್ಕೆ ಅದು ಸಾಕು.

ಕಂಪ್ಯೂಟರ್‌ನಲ್ಲಿ ಹುಡುಕಿ ಪುಟಸಂಖ್ಯೆ ಬರೆದುಕೊಳ್ಳುವಾಗ ಕನ್ನಡದ ವಿಭಕ್ತಿ ನಿಮಗೆ ಅಡ್ಡ ಬರುತ್ತದೆ. 'ತೂಬು' ಅಂತ ಹುಡುಕಿದರೆ 'ತೂಬಿನ', 'ತೂಬಿಗೆ' ಸಿಗುವುದಿಲ್ಲ, 'ತೂಬಿ' ಅಂತ ಇನ್ನೊಮ್ಮೆ ಹುಡುಕಬೇಕು. 'ಕೋಡಿ' ಅಂತ ಹುಡುಕಿದರೆ 'ಕೋಡಿಹಳ್ಳಿ'ಯೂ ಬರುತ್ತದೆ, ಅದನ್ನು ಬಿಡಬೇಕು. ಅಂತೂ ಹುಡುಕಾಟ ಸಹಾಯ ಮಾಡುತ್ತದೆ, ಪದಸೂಚಿ ಮಾಡಿಕೊಡುವುದಿಲ್ಲ. ಪ್ರತಿ ಪುಟವನ್ನೂ ಓದಿ, ಆ ಪುಟದಲ್ಲಿ ಆ ವಿಷಯದ ಬಗ್ಗೆ ನಿಜವಾಗಿ ಏನಾದರೂ ಹೇಳಿದೆಯಾ ಅಂತ ನೋಡಬೇಕು. 'ಕೋಡಿ: 4, 9, 12, 13, 27, 31, 40, 58, 77' ಅಂತ ಸಾಲು ಸಾಲು ಅಂಕಿ ಇದ್ದರೆ ಯಾರೂ ಹುಡುಕುವುದಿಲ್ಲ. ಏಳೆಂಟು ಸಂಖ್ಯೆ ದಾಟಿತು ಅಂದರೆ ಒಡೆಯಿರಿ: 'ಕೋಡಿ, ಕಟ್ಟುವ ವಿಧಾನ: 27', 'ಕೋಡಿ, ದುರಸ್ತಿಯ ಜಗಳಗಳು: 58, 77'.

ಈಗ ಅಕಾರಾದಿ. ಸಾಫ್ಟ್‌ವೇರ್‌ನಲ್ಲಿ ಅಕಾರಾದಿ ಜೋಡಿಸುವ ಗುಂಡಿ ಒತ್ತಿ ನಂಬಿಬಿಡಬೇಡಿ. ಯುನಿಕೋಡ್ ಸಂಕೇತಗಳ ಸಾಲಿನಲ್ಲಿ ಳ ಅಕ್ಷರ ಲ ಆದ ಕೂಡಲೇ ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ, ಕೊನೆಗೆ. ಸಂಕೇತದ ಕ್ರಮವನ್ನೇ ಹಿಡಿದು ಜೋಡಿಸುವ ಸಾಫ್ಟ್‌ವೇರ್ ಆದರೆ 'ಕಳಸ' ಮೊದಲು, 'ಕವಲು' ಆಮೇಲೆ ಬರುತ್ತದೆ. ವರ್ಣಮಾಲೆಯ ಪ್ರಕಾರ 'ಕವಲು' ಮೊದಲು ಬರಬೇಕು. ನಿಮ್ಮ ಪಟ್ಟಿಯಲ್ಲಿ ಈ ಥರದ ಒಂದು ಜೋಡಿ ಇಟ್ಟು ಪರೀಕ್ಷಿಸಿದರೆ ತಕ್ಷಣ ಗೊತ್ತಾಗುತ್ತದೆ. 'ಅಂಗಳ'ದಂಥ ಅನುಸ್ವಾರದ ಪದಗಳು 'ಅಕ್ಕ'ನಿಗಿಂತ ಮೊದಲೋ ನಂತರವೋ ಅಂತಲೂ ನಿರ್ಧರಿಸಿ, ಕೊನೆಯ ತನಕ ಒಂದೇ ರೀತಿ ಪಾಲಿಸಿ. ಪಠ್ಯ ಹಳೆಯ 'ನುಡಿ' ಅಥವಾ 'ಬರಹ' ಸಾಫ್ಟ್‌ವೇರ್‌ನ ಯುನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ ಯಾವ ಜೋಡಣೆಯೂ ಕೆಲಸ ಮಾಡುವುದಿಲ್ಲ, ಮೊದಲು ಯುನಿಕೋಡಿಗೆ ಬದಲಿಸಿಕೊಳ್ಳಿ.

ಹೆಸರುಗಳಲ್ಲಿ ಇನಿಷಿಯಲ್ ಹಿಡಿದು ಜೋಡಿಸಬೇಡಿ. ದ.ರಾ. ಬೇಂದ್ರೆಯವರನ್ನು ಯಾರೂ ದ ಅಕ್ಷರದಲ್ಲಿ ಹುಡುಕುವುದಿಲ್ಲ, ಬ ದಲ್ಲಿ ಹುಡುಕುತ್ತಾರೆ. ಮಾಸ್ತಿ ಊರ ಹೆಸರು, ಆದರೂ ಎಲ್ಲರ ಬಾಯಲ್ಲಿರುವುದು ಅದೇ, ಹಾಗಾಗಿ ಮ ದಲ್ಲೇ ಇರಲಿ. 'ಪುಟ್ಟಪ್ಪ, ಕೆ.ವಿ.: ಕುವೆಂಪು ನೋಡಿ' ಅಂತ ಒಂದು ಸಾಲು ಕೊಟ್ಟರೆ ಎರಡೂ ಕಡೆ ಹುಡುಕುವವರಿಗೆ ದಾರಿ ಸಿಗುತ್ತದೆ.

ಮಾಡಿ ಮುಗಿಸಿದ ಮೇಲೆ ಎಲ್ಲಿಯಾದರೂ ಬೆರಳಿಟ್ಟು ಹತ್ತು ಪದ ಆರಿಸಿ, ಆ ಪುಟಗಳನ್ನು ತೆರೆದು ನೋಡಿ. ಎರಡು ತಪ್ಪು ಸಿಕ್ಕರೂ ಸಾಕು, ಪೂರ್ತಿ ಮತ್ತೆ ತಾಳೆ ನೋಡಬೇಕು. ಎಲ್ಲ ತಪ್ಪುಗಳೂ ಒಂದೇ ಅಂತರದಲ್ಲಿದ್ದರೆ, ಅಂದರೆ ಪುಟ 90 ಆದ ಮೇಲೆ ಎಲ್ಲವೂ ಒಂದೊಂದು ಪುಟ ಆಚೆ ಇದ್ದರೆ, ಪದಸೂಚಿ ಆದಮೇಲೆ ಆ ಜಾಗದಲ್ಲಿ ಯಾರೋ ಒಂದು ಫೋಟೊವನ್ನೋ ಪ್ಯಾರಾವನ್ನೋ ಸೇರಿಸಿದ್ದಾರೆ ಅಂತ ಅರ್ಥ.

ಕೊಲೊಫನ್

ಪುಸ್ತಕವನ್ನು ಯಾರು, ಎಲ್ಲಿ, ಯಾವಾಗ, ಯಾವುದರಿಂದ ಮಾಡಿದರು ಅಂತ ಕೊನೆಯ ಪುಟದಲ್ಲಿ ಹೇಳುವ ಟಿಪ್ಪಣಿ ಇದು. ನಮಗಿದು ಹೊಸದಲ್ಲ. ಓಲೆಗರಿಯ ಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಸಂವತ್ಸರ, ಮಾಸ, ತಿಥಿ, ತಮ್ಮ ಹೆಸರು, ಯಾರಿಗಾಗಿ ಬರೆದುಕೊಟ್ಟದ್ದು ಅಂತ ಬರೆಯುತ್ತಿದ್ದರು. 'ಕರಕೃತಮಪರಾಧಂ ಕ್ಷಂತುಮರ್ಹಂತಿ ಸಂತಃ', ಕೈತಪ್ಪನ್ನು ಒಳ್ಳೆಯವರು ಮನ್ನಿಸಬೇಕು ಅಂತ ಕೇಳಿಕೊಳ್ಳುತ್ತಿದ್ದರು. ಯುರೋಪಿನಲ್ಲಿ 1457ರ 'ಮೈನ್ಸ್ ಸಾಲ್ಟರ್' ಎಂಬ ಕೀರ್ತನೆಗಳ ಪುಸ್ತಕವೇ ಮುದ್ರಕರ ಹೆಸರು, ತಾರೀಖು ಹೊತ್ತ ಕೊಲೊಫನ್ ಇರುವ ಮೊದಲ ಅಚ್ಚಾದ ಪುಸ್ತಕ. ಈಗ ಈ ವಿವರಗಳಲ್ಲಿ ಬಹುಪಾಲು ವಿವರ ಪುಟಕ್ಕೆ ಹೋಗಿವೆ, ಹಾಗಾಗಿ ಬಹಳ ಕನ್ನಡ ಪುಸ್ತಕಗಳಲ್ಲಿ ಕೊಲೊಫನ್ ಇರುವುದಿಲ್ಲ.

ನಾನು ಮಾತ್ರ ಇದು ಬೇಕು ಅನ್ನುತ್ತೇನೆ, ಬರೀ ಅಂದಕ್ಕಲ್ಲ. ಐದು ವರ್ಷದ ಮೇಲೆ ಎರಡನೇ ಮುದ್ರಣ ಮಾಡಲು ಹೊರಡುತ್ತೀರಿ. ಫೈಲ್ ತೆರೆದರೆ ಹಳೆಯ ಫಾಂಟ್ ಇಲ್ಲ, ಅಥವಾ ಅದರ ಹೊಸ ಆವೃತ್ತಿ ಬಂದಿದೆ. ಒತ್ತಕ್ಷರದ ಅಗಲ ಒಂಚೂರು ಬದಲಾದರೂ ಸಾಲು ಮುರಿಯುವ ಜಾಗ ಬದಲಾಗುತ್ತದೆ, ಸಾಲು ಬದಲಾದರೆ ಪುಟ, ಪುಟ ಬದಲಾದರೆ ಪದಸೂಚಿ. ಆಗ ಈ ನಾಲ್ಕು ಸಾಲು ಕೈ ಹಿಡಿಯುತ್ತವೆ:

ಈ ಪುಸ್ತಕದ ಪಠ್ಯ ನೋಟೊ ಸೆರಿಫ್ ಕನ್ನಡ ಫಾಂಟಿನಲ್ಲಿ (ಆವೃತ್ತಿ ___), 11 ಪಾಯಿಂಟ್ ಅಕ್ಷರ, 16 ಪಾಯಿಂಟ್ ಸಾಲಂತರದಲ್ಲಿದೆ. ಪುಟವಿನ್ಯಾಸ: ______, ಸಾಫ್ಟ್‌ವೇರ್ ______. ಒಳಪುಟ 70 ಜಿಎಸ್ಎಂ ಮ್ಯಾಪ್‌ಲಿಥೊ, ರಕ್ಷಾಪುಟ 300 ಜಿಎಸ್ಎಂ ಆರ್ಟ್ ಕಾರ್ಡ್. ಕರಡು ತಿದ್ದಿದವರು ______. ಮುದ್ರಣ ಮತ್ತು ಬೈಂಡಿಂಗ್ ______, ತಿಂಗಳು, ವರ್ಷ.

ಸಾಲಂತರವನ್ನು ಬರೆಯಲು ಮರೆಯಬೇಡಿ. ಕೆಳಗೆ ಒತ್ತು, ಮೇಲೆ ಗುಡಿಸು ಇರುವ ನಮ್ಮ ಲಿಪಿಗೆ ಸಾಲಂತರ ಜಾಸ್ತಿ ಬೇಕು, ಅದು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ. ಕರಡು ತಿದ್ದಿದವರ ಹೆಸರಿಗೆ ಬೇರೆಲ್ಲೂ ಜಾಗ ಸಿಗುವುದಿಲ್ಲ, ಇಲ್ಲಾದರೂ ಸಿಗಲಿ.

ಪ್ರೆಸ್ಸಿಗೆ ಕೊಡುವ ಮುಂಚೆ, ಬಂದ ಮೇಲೆ

ಕೆಲಸದ ಕ್ರಮ ಹೀಗಿರಲಿ: ಶೀರ್ಷಿಕೆ ಗಟ್ಟಿಮಾಡಿ ಐಎಸ್‌ಬಿಎನ್‌ಗೆ ಅರ್ಜಿ, ಅದೇ ವಾರ ಒಡಲಿನ ಪ್ರತಿ ಮುನ್ನುಡಿ ಬರೆಯುವವರಿಗೆ. ಆಮೇಲೆ ಒಡಲಿನ ಕೊನೆಯ ಪ್ರೂಫ್, ಅನುಬಂಧ, ಟಿಪ್ಪಣಿ, ಪದಕೋಶ, ಗ್ರಂಥಸೂಚಿ. ನಂತರ ಪದಸೂಚಿ. ಅದಾದ ಮೇಲೆ ಪರಿವಿಡಿ, ಎಲ್ಲಕ್ಕಿಂತ ಕೊನೆಗೆ ವಿವರ ಪುಟ ಮತ್ತು ಕೊಲೊಫನ್, ಏಕೆಂದರೆ ಒಟ್ಟು ಪುಟ, ಬೆಲೆ, ಕಾಗದ ಆಗಲೇ ಖಚಿತವಾಗುವುದು.

ಪರಿವಿಡಿಯನ್ನು ತಾಳೆ ನೋಡುವಾಗ ಫೈಲ್‌ನಲ್ಲಿ ನೋಡಬೇಡಿ, 224 ಪುಟವನ್ನೂ ಪ್ರಿಂಟ್ ತೆಗೆದು, ಎರಡೂ ಬದಿ ಬರುವಂತೆ ಜೋಡಿಸಿ, ಪುಸ್ತಕದ ಹಾಗೆ ಹಿಡಿದು ಒಂದೊಂದು ಅಧ್ಯಾಯ ತೆರೆಯಿರಿ. ಶೀರ್ಷಿಕೆಯ ಮಾತುಗಳು ಎರಡೂ ಕಡೆ ಒಂದೇ ಇವೆಯಾ ನೋಡಿ. ಪರದೆಯ ಮೇಲೆ ಎಡ ಬಲ ಗೊತ್ತಾಗದೆ ಎಡಪುಟಕ್ಕೆ ಬಿದ್ದ ಅರ್ಪಣೆ ಕಾಗದದಲ್ಲಿ ಮೊದಲ ನೋಟಕ್ಕೇ ಸಿಕ್ಕಿಬೀಳುತ್ತದೆ.

ಅಚ್ಚಾಗಿ ಬಂದ ಮೇಲೆ ಅರ್ಥ ಕೆಡಿಸುವ ತಪ್ಪು ಕಂಡರೆ, ಉದಾಹರಣೆಗೆ ಒಂದು ಕೆರೆಯ ಶಾಸನದ ವರ್ಷವೇ ತಪ್ಪಾಗಿದ್ದರೆ, ಒಪ್ಪುತಪ್ಪಿನ ಚೀಟಿ ಅಚ್ಚು ಹಾಕಿಸಿ ವಿವರ ಪುಟದ ಪಕ್ಕ ಅಂಟಿಸಿ. ಬರೀ ಕಾಗುಣಿತದ ತಪ್ಪಿಗೆ ಚೀಟಿ ಬೇಡ, ಅದನ್ನು ಮುಂದಿನ ಮುದ್ರಣಕ್ಕೆ ಗುರುತು ಹಾಕಿಟ್ಟುಕೊಳ್ಳಿ.

ಇನ್ನು 1954ರ ಪುಸ್ತಕ ಸಲ್ಲಿಕೆ ಕಾಯಿದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬಯಿ, ದೆಹಲಿಯ ನಿಗದಿತ ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ಪ್ರಕಾಶಕರು ತಮ್ಮ ಖರ್ಚಲ್ಲೇ ಕಳಿಸಬೇಕು. ಪ್ರತಿಗಳ ಲೆಕ್ಕ ಹಾಕುವಾಗಲೇ ಈ ನಾಲ್ಕನ್ನು ಬೇರೆ ತೆಗೆದಿಡಿ, ಚೀಟಿ ಅಂಟಿಸಿದ ಪ್ರತಿಗಳನ್ನೇ ಕಳಿಸಿ.